ಫಿಲ್ಟರ್‌ನ ಸ್ಪನ್ ತೊಳೆದರೆ ಸಾಕಾ? ಟ್ಯಾಂಕ್ ತೊಳೆಯುವುದು ಹೇಗೆ, ಏನನ್ನು ಬದಲಿಸಲೇಬೇಕು

2024ರ ಬೇಸಿಗೆ ನೆನಪಿದೆಯಲ್ವಾ? ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಬೀದಿ ಬೀದಿಗೆ ನೀರಿನ ಟ್ಯಾಂಕರ್ ಓಡಾಡುತ್ತಿದ್ದ ಕಾಲ. ವೈಟ್‌ಫೀಲ್ಡ್ ಕಡೆ ಇರುವ ನಮ್ಮಕ್ಕ ಏಪ್ರಿಲ್‌ನಲ್ಲಿ ಒಂದು ದಿನ ಬೆಳಗ್ಗೆಯೇ ಫೋನ್ ಮಾಡಿದಳು. "ಲೋ, ಫಿಲ್ಟರ್‌ನಲ್ಲಿ ನೀರೇ ತುಂಬ್ತಿಲ್ಲ ಕಣೋ. ಮೋಟರ್ ಟಕ್ ಅಂತ ಆನ್ ಆಗತ್ತೆ, ಎರಡೇ ಸೆಕೆಂಡಿಗೆ ಆಫ್ ಆಗತ್ತೆ. ಸರ್ವಿಸ್‌ನವನು ಬಂದು ನೋಡಿ ಮೆಂಬ್ರೇನ್ ಹೋಗಿದೆ, ಮೂರೂವರೆ ಸಾವಿರ ಆಗತ್ತೆ ಅಂದ. ಮಾಡಿಸ್ಲಾ?"

ಮಾಡಿಸಬೇಡ, ನಾನು ಭಾನುವಾರ ಬರುತ್ತೇನೆ ಅಂದೆ. ಹೋಗಿ ನೋಡಿದರೆ ಹಾಳಾಗಿದ್ದು ನೀರಿನ ಉಪ್ಪಿನಂಶ ತಡೆಯುವ ಮೆಂಬ್ರೇನ್ ಅಲ್ಲ. ಗೋಡೆಯ ಮೇಲೆ, ಫಿಲ್ಟರ್‌ನ ಪಕ್ಕದಲ್ಲೇ ನೇತುಹಾಕಿದ್ದ ಬೌಲ್‌ನೊಳಗೆ ಮಣ್ಣು ತಡೆಯುವ ದಪ್ಪ ಬತ್ತಿ, ಅಂದರೆ ಸ್ಪನ್. ಅಕ್ಕ ಅದನ್ನು ಪಾಪ, ತಿಂಗಳಿಗೊಮ್ಮೆ ತಪ್ಪದೆ ತೊಳೆಯುತ್ತಿದ್ದಳು. ತೊಳೆದು ತೊಳೆದು ಎಂಟು ತಿಂಗಳು ಓಡಿಸಿದ್ದಳು. ಆದರೆ ಶುದ್ಧ ನೀರು ತುಂಬುವ ಒಳಗಿನ ಟ್ಯಾಂಕನ್ನು ಮಾತ್ರ ಒಮ್ಮೆಯೂ ತೊಳೆದಿರಲಿಲ್ಲ. ಅಲ್ಲಿಗೆ ಬರುವುದೇ ಶುದ್ಧ ನೀರಲ್ವಾ, ಅದನ್ನೇನು ತೊಳೆಯೋದು ಅಂತ.

ಬಹಳ ಮನೆಗಳಲ್ಲಿ ಇದೇ ಆಗುತ್ತಿದೆ. ತೊಳೆಯಬೇಕಾದ್ದನ್ನು ಬಿಟ್ಟು, ಬದಲಿಸಬೇಕಾದ್ದನ್ನು ತೊಳೆಯುತ್ತಾರೆ. ಹಾಗಾಗಿ ಬೇರೇನೂ ನೆನಪಿರದಿದ್ದರೂ ಇಷ್ಟು ನೆನಪಿಡಿ. ಫಿಲ್ಟರ್‌ನಲ್ಲಿ ನೀರನ್ನು ಸುಮ್ಮನೆ ಹಿಡಿದಿಡುವ ಭಾಗಗಳನ್ನು ತೊಳೆಯಬಹುದು, ತೊಳೆಯಲೇಬೇಕು: ಬೌಲ್, ಟ್ಯಾಂಕ್, ಫ್ಲೋಟ್, ನಲ್ಲಿ. ಕೊಳೆಯನ್ನು ತನ್ನ ಮೈಯೊಳಗೆ ಹಿಡಿದಿಡುವ ಭಾಗಗಳನ್ನು ತೊಳೆದು ಹೊಸದು ಮಾಡಲು ಆಗುವುದಿಲ್ಲ: ಸ್ಪನ್, ಕ್ಲೋರಿನ್ ಹೀರುವ ಕಾರ್ಬನ್, ಮೆಂಬ್ರೇನ್. ಅವುಗಳನ್ನು ಬದಲಿಸಬೇಕು.

ಇಲ್ಲಿ ಹೇಳುತ್ತಿರುವುದು ನಮ್ಮ ಕಡೆ ಮನೆಗಳಲ್ಲಿ ಸಾಮಾನ್ಯವಾಗಿ ಇರುವ, ಗೋಡೆಗೆ ಹಾಕುವ ಆರ್‌ಒ ಫಿಲ್ಟರ್ ಬಗ್ಗೆ. ಹೊರಗೆ ಒಂದು ಬೌಲ್, ಒಳಗೆ ಏಳೆಂಟು ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇರುವಂಥದ್ದು.

ಸ್ಪನ್ ತೊಳೆದರೆ ಯಾಕೆ ಪ್ರಯೋಜನವಿಲ್ಲ

ಅಕ್ಕನ ಮನೆಯ ಹಳೆಯ ಸ್ಪನ್ ಅನ್ನು ಎಸೆಯುವ ಮುಂಚೆ ಅಡುಗೆಮನೆಯ ಚಾಕುವಿನಲ್ಲಿ ಅಡ್ಡಕ್ಕೆ ಕೊಯ್ದು ಅವಳ ಮುಂದೆ ಇಟ್ಟೆ. ನೀವೂ ಒಮ್ಮೆ ಕೊಯ್ದು ನೋಡಿ, ಬಾಯಲ್ಲಿ ಹೇಳುವುದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಅವಳು ತೊಳೆದಿದ್ದರಿಂದ ಹೊರಮೈ ತಕ್ಕಮಟ್ಟಿಗೆ ಬೆಳ್ಳಗೇ ಇತ್ತು. ಕೊಯ್ದ ಕಡೆ ಮಾತ್ರ ಮರದ ಕಾಂಡದ ಹಾಗೆ ಸುತ್ತು ಸುತ್ತಾಗಿ ಬಣ್ಣ. ಹೊರಗೆ ತಿಳಿ ಕಂದು, ಒಳಗೆ ಹೋದಂತೆ ಇಟ್ಟಿಗೆ ಬಣ್ಣ, ನಡುವಿನ ತೂತಿನ ಅಂಚಿನವರೆಗೂ ಕೆಂಪು. ಬೆರಳಲ್ಲಿ ಒತ್ತಿದರೆ ಒಳಗಿಂದ ಕೆಸರು ನೀರು ಜಿನುಗಿತು. ಅಕ್ಕ ಮಾತೇ ಆಡಲಿಲ್ಲ, ಹೊಸ ಸ್ಪನ್ ತರೋಕೆ ಭಾವನನ್ನು ಕಳಿಸಿದಳು.

ಸ್ಪನ್ ಎಂದರೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಅನ್ನು ಕರಗಿಸಿ, ಸಣ್ಣ ಎಳೆಗಳಾಗಿ ಊದಿ, ಒಂದರ ಮೇಲೊಂದು ಸುತ್ತಿದ ದಪ್ಪ ಬತ್ತಿ. ಸಾಮಾನ್ಯವಾಗಿ ಹೊರಗಿನ ಸುತ್ತು ಸಡಿಲ, ಒಳಗಿನ ಸುತ್ತು ಬಿಗಿ. ನೀರು ಹೊರಗಿನಿಂದ ಒಳಕ್ಕೆ ನುಗ್ಗಿ ನಡುವಿನ ತೂತಿನಿಂದ ಮೇಲೆ ಹೋಗುತ್ತದೆ. ದಪ್ಪ ಮರಳು ಹೊರಗೇ ನಿಲ್ಲುತ್ತದೆ, ನವಿರಾದ ಮಣ್ಣು ಒಳಗೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಮನೆಯ ಬೌಲ್‌ಗಳಿಗೆ ಸಾಮಾನ್ಯವಾಗಿ 5 ಮೈಕ್ರಾನ್ ಸ್ಪನ್ ಹಾಕುತ್ತಾರೆ. ನಾವು ನಲ್ಲಿ ಕೆಳಗೆ ಹಿಡಿದು ತೊಳೆದಾಗ ಹೋಗುವುದು ಹೊರಗಿನ ಕೆಸರು ಮಾತ್ರ, ಒಳಗೆ ಸಿಕ್ಕಿಕೊಂಡದ್ದು ಅಲ್ಲೇ ಇರುತ್ತದೆ.

ಇನ್ನು ಕೆಲವರು ಬಟ್ಟೆ ಉಜ್ಜುವ ಬ್ರಷ್ ತಗೊಂಡು ತಿಕ್ಕುತ್ತಾರೆ. ಅದಂತೂ ಬೇಡವೇ ಬೇಡ. ತಿಕ್ಕಿದರೆ ಎಳೆಗಳು ಕಿತ್ತು ದಾರಿ ಬಿಡುತ್ತವೆ, ಆಮೇಲೆ ಮಣ್ಣು ಆ ದಾರಿಯಲ್ಲೇ ಸೀದಾ ಒಳಗೆ ಹೋಗುತ್ತದೆ. ಸೋಪಿನಲ್ಲಿ ನೆನೆಸುವುದೂ ಬೇಡ, ಎಳೆಗಳ ನಡುವೆ ಕೂತ ಸೋಪು ಎಷ್ಟು ತೊಳೆದರೂ ಪೂರ್ತಿ ಬಿಡುವುದಿಲ್ಲ.

ಹಾಗಾದರೆ ತೊಳೆಯಲೇಬಾರದಾ? ಒಂದು ಸಂದರ್ಭದಲ್ಲಿ ಸರಿ. ಟ್ಯಾಂಕರ್ ನೀರು ಬಂದು ಎರಡೇ ವಾರದಲ್ಲಿ ಬೌಲ್ ರಾಡಿಯಾಗಿದೆ, ಹೊಸ ಸ್ಪನ್ ಮನೆಯಲ್ಲಿಲ್ಲ, ಅಂಗಡಿಗೆ ನಾಳೆ ಹೋಗಬೇಕು ಎಂದಾಗ ನಿಧಾನವಾಗಿ ಹರಿಯುವ ನೀರಿನಲ್ಲಿ ಕೈಯಲ್ಲೇ ಸವರಿ ತೊಳೆದು ಹಾಕಿಕೊಳ್ಳಿ. ಅದು ಒಂದೆರಡು ದಿನ ದೂಡುವ ಉಪಾಯ, ಅಷ್ಟೇ. ಸ್ಪನ್ ಬೆಲೆ ಸುಮಾರು ನೂರು ರೂಪಾಯಿ. ಎರಡು ತಂದು ಇಟ್ಟುಕೊಂಡರೆ ಈ ತೊಂದರೆಯೇ ಇಲ್ಲ.

ನಿಮ್ಮ ಬೌಲ್‌ನಲ್ಲಿರುವುದು ಸ್ಪನ್ ಅಲ್ಲದೆ ನೆರಿಗೆ ನೆರಿಗೆಯಾಗಿ ಮಡಚಿದ ಕಾರ್ಟ್ರಿಡ್ಜ್ ಅಥವಾ ನೈಲಾನ್ ಜಾಲರಿ ಆಗಿದ್ದರೆ ಅದು ಬೇರೆ ಮಾತು. ಅವು ಕೊಳೆಯನ್ನು ಮೇಲ್ಮೈಯಲ್ಲೇ ತಡೆಯುತ್ತವೆ, ತೊಳೆದು ಮತ್ತೆ ಬಳಸಬಹುದು. ನೆರಿಗೆಯ ಸಂದಿಗೆ ಮೇಲಿನಿಂದ ಕೆಳಕ್ಕೆ ನೀರು ಬಿಟ್ಟು ತೊಳೆಯಿರಿ, ತಿರುಚಬೇಡಿ. ನೆರಿಗೆ ಹರಿದಿದ್ದರೆ ಅದೂ ಬದಲಿಸುವ ಸಾಲಿಗೇ ಸೇರುತ್ತದೆ.

ಮೊದಲು ಅಳತೆ, ಆಮೇಲೆ ಬಿಚ್ಚುವುದು

ಏನನ್ನೂ ಬಿಚ್ಚುವ ಮುಂಚೆ ಐದು ನಿಮಿಷ ಅಳತೆಗೆ ಕೊಡಿ. ಅಕ್ಕನ ಮನೆಯಲ್ಲಿ ಮೂರೂವರೆ ಸಾವಿರ ಉಳಿದದ್ದು ಇದರಿಂದಲೇ.

ಮೆಂಬ್ರೇನ್‌ನಿಂದ ಹೊರಬಂದು ಟ್ಯಾಂಕ್‌ಗೆ ಬೀಳುವ ಸಣ್ಣ ಪೈಪ್ ಇರುತ್ತದಲ್ಲ, ಅದನ್ನು ಒಂದು ಅಳತೆ ಲೋಟಕ್ಕೆ ಹಿಡಿದು ಸರಿಯಾಗಿ ಒಂದು ನಿಮಿಷ ಬಿಡಿ. ಟಾನಿಕ್ ಬಾಟಲಿಯ ಜೊತೆ ಬರುವ ಮುಚ್ಚಳ ಸಾಲದು, ಮಗುವಿನ ಹಾಲಿನ ಬಾಟಲಿ ಇದ್ದರೆ ಅದರ ಮೇಲಿನ ಗುರುತು ಸಾಕು. ಮನೆಗೆ ಹಾಕುವ ಮಾಮೂಲಿ ಮೆಂಬ್ರೇನ್ 75 ಜಿಪಿಡಿ, ಅಂದರೆ ದಿನಕ್ಕೆ 75 ಗ್ಯಾಲನ್, ಲೆಕ್ಕದ ಪ್ರಕಾರ ಸುಮಾರು 284 ಲೀಟರ್ ಕೊಡಬೇಕು. ಅಂದರೆ ಗಂಟೆಗೆ ಹತ್ತಿರ ಹತ್ತಿರ 12 ಲೀಟರ್, ನಿಮಿಷಕ್ಕೆ 200 ಮಿ.ಲೀ. ಮನೆಯಲ್ಲಿ ಅಷ್ಟು ಬರುವುದಿಲ್ಲ, 150ರಿಂದ 180 ಬಂದರೆ ಚೆನ್ನಾಗಿದೆ ಎಂದೇ ಲೆಕ್ಕ. ಅಕ್ಕನ ಮನೆಯಲ್ಲಿ ಬಂದದ್ದು 70. ಅದೂ ನಿಂತು ನಿಂತು.

ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಅದೇ ಲೋಟದಲ್ಲಿ ಅದ್ದಿ. ಅಕ್ಕನ ಮನೆಗೆ ಬರುವ ನೀರು 780, ಮೆಂಬ್ರೇನ್ ದಾಟಿ ಬಂದದ್ದು 85. ಅಂದರೆ ಮೆಂಬ್ರೇನ್ ಉಪ್ಪಿನಂಶದಲ್ಲಿ ನೂರಕ್ಕೆ 89ರಷ್ಟು ತಡೆಯುತ್ತಿದೆ. ಮೆಂಬ್ರೇನ್ ಹರಿದಿದ್ದರೆ ಅಥವಾ ಸವೆದಿದ್ದರೆ ಹೊರಬರುವ ನೀರಿನ ಟಿಡಿಎಸ್ 200, 300 ಅಂತ ಏರಿರುತ್ತಿತ್ತು. ನೀರು ಕಮ್ಮಿ, ಆದರೆ ಬಂದಷ್ಟು ನೀರು ಚೆನ್ನಾಗಿದೆ ಎಂದರೆ ಮೊದಲ ಅನುಮಾನ ಮೆಂಬ್ರೇನ್‌ಗೆ ನೀರು ಬರುವ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದೆ ಎಂದೇ. ಅಳೆಯುವಾಗ ಒಂದು ಎಚ್ಚರ ಬೇಕು. ಟ್ಯಾಂಕಿನ ನೀರನ್ನು ಅಳೆಯಬೇಡಿ. ಬಹಳಷ್ಟು ಮಾಡೆಲ್‌ಗಳಲ್ಲಿ ರುಚಿಗೆ ಅಂತ ಸ್ವಲ್ಪ ಹಸಿ ನೀರನ್ನು ಬೆರೆಸುವ ವಾಲ್ವ್ ಇರುತ್ತದೆ, ಅದರಿಂದ ಲೆಕ್ಕ ತಪ್ಪುತ್ತದೆ.

ಮೋಟರ್ ಟಕ್ ಟಕ್ ಎಂದು ಆನ್ ಆಫ್ ಆಗುವುದಕ್ಕೂ ಇದೇ ಕಾರಣ. ಪಂಪಿನ ಹಿಂದೆ ನೀರಿನ ಒತ್ತಡ ನೋಡುವ ಒಂದು ಸಣ್ಣ ಸ್ವಿಚ್ ಇರುತ್ತದೆ. ಪಂಪ್ ನೀರು ಎಳೆದಾಗ ಕಟ್ಟಿಕೊಂಡ ಸ್ಪನ್ ದಾಟಿ ಸಾಕಷ್ಟು ನೀರು ಬರುವುದಿಲ್ಲ, ಒತ್ತಡ ಬೀಳುತ್ತದೆ, ಸ್ವಿಚ್ ಪಂಪನ್ನು ನಿಲ್ಲಿಸುತ್ತದೆ. ನಿಂತ ಮೇಲೆ ನೀರು ನಿಧಾನವಾಗಿ ತುಂಬಿ ಒತ್ತಡ ಏರುತ್ತದೆ, ಪಂಪ್ ಮತ್ತೆ ಶುರು. ಓವರ್‌ಹೆಡ್ ಟ್ಯಾಂಕ್ ಖಾಲಿಯಿದ್ದರೂ ಹೀಗೇ ಆಗುತ್ತದೆ, ಹಾಗಾಗಿ ಮೊದಲು ಅದನ್ನು ನೋಡಿಕೊಳ್ಳಿ.

ಬೌಲ್ ಬಿಚ್ಚಿ ಸ್ಪನ್ ಬದಲಿಸುವುದು

ಮೊದಲು ಎರಡು ಪಾತ್ರೆ ಕುಡಿಯುವ ನೀರು ಹಿಡಿದಿಟ್ಟುಕೊಳ್ಳಿ. ಕೊನೆಗೆ ಟ್ಯಾಂಕ್ ತೊಳೆಯಲು ಬೇಕಾಗುತ್ತದೆ, ಮನೆಯವರಿಗೂ ಬೇಕಲ್ವಾ.

ಫಿಲ್ಟರ್‌ಗೆ ನೀರು ಹೋಗುವ ಸಣ್ಣ ವಾಲ್ವ್ ಮುಚ್ಚಿ. ಮುಚ್ಚಿದ ಮೇಲೆ ಫಿಲ್ಟರನ್ನು ಹತ್ತು ಸೆಕೆಂಡ್ ಓಡಲು ಬಿಡಿ. ಬೌಲ್‌ನಲ್ಲಿರುವ ಒತ್ತಡವನ್ನು ಪಂಪ್ ಎಳೆದುಕೊಳ್ಳುತ್ತದೆ, ಆಗ ಬೌಲ್ ಸುಲಭವಾಗಿ ತಿರುಗುತ್ತದೆ. ಹೀಗೆ ಮಾಡದೆ ಬಿಚ್ಚಲು ಹೋದರೆ ಕೈ ನೋಯುವಷ್ಟು ಬಿಗಿಯಿರುತ್ತದೆ, ಬಿಚ್ಚಿಕೊಂಡಾಗ ನೀರು ಮುಖಕ್ಕೆ ಚಿಮ್ಮುತ್ತದೆ. ಆಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ಗನ್ನೇ ಕಿತ್ತಿಡಿ.

ಕೆಳಗೆ ಬಕೆಟ್ ಇಡಿ. ಫಿಲ್ಟರ್ ಜೊತೆ ಬಂದ ದೊಡ್ಡ ಪ್ಲಾಸ್ಟಿಕ್ ಸ್ಪ್ಯಾನರ್ ಅನ್ನು ಬೌಲ್‌ಗೆ ಹಾಕಿ, ಕೆಳಗಿನಿಂದ ತಲೆಯೆತ್ತಿ ನೋಡಿದಾಗ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ. ಇಲ್ಲೇ ಬಹಳ ಜನ ಎಡವುತ್ತಾರೆ, ಮೇಲಿನಿಂದ ನೋಡುತ್ತಾ ಬಿಚ್ಚುತ್ತಿದ್ದೇನೆ ಅಂದುಕೊಂಡು ಇನ್ನೂ ಬಿಗಿ ಮಾಡುತ್ತಾರೆ. ಸಡಿಲವಾದ ಮೇಲೆ ಎರಡೂ ಕೈಯಲ್ಲಿ ಹಿಡಿಯಿರಿ, ನೀರು ತುಂಬಿದ ಬೌಲ್ ಭಾರ ಇರುತ್ತದೆ.

ಬೌಲ್‌ನ ಒಳಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ ಮೆತ್ತನೆಯ ಸ್ಪಂಜಿನಲ್ಲಿ ತೊಳೆಯಿರಿ. ಕಬ್ಬಿಣದ ನಾರು ಬೇಡ, ಗೀರು ಬಿದ್ದ ಕಡೆ ಲೋಳೆ ಬೇಗ ಕೂರುತ್ತದೆ. ಬೌಲ್‌ನೊಳಗೆ ಹಸಿರು ಪಾಚಿ ಕಂಡರೆ ಅದರ ಮೇಲೆ ಬೆಳಕು ಬೀಳುತ್ತಿದೆ ಎಂದರ್ಥ. ಯುಟಿಲಿಟಿಯಲ್ಲಿ ಕಿಟಕಿ ಪಕ್ಕ ಹಾಕಿಸಿದ ಪಾರದರ್ಶಕ ಬೌಲ್‌ಗಳಲ್ಲಿ ಇದು ಮಾಮೂಲು. ಬೌಲ್‌ಗೆ ದಪ್ಪ ಬಟ್ಟೆಯ ಒಂದು ಚೀಲ ಹೊಲಿದು ಹಾಕಿದರೂ ಸಾಕು, ಪಾಚಿ ನಿಲ್ಲುತ್ತದೆ.

ತೊಳೆದ ಮೇಲೆ ಬೌಲನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಬಿರುಕು ಒಂದೇ ಒಂದು ಕಂಡರೂ ಬೌಲ್ ಬದಲಿಸಿ. ಅದು ಹಗಲೂ ರಾತ್ರಿ ನೀರಿನ ಒತ್ತಡದಲ್ಲಿರುವ ಪಾತ್ರೆ. ಒಡೆದರೆ ಓವರ್‌ಹೆಡ್ ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೂ ಅಡುಗೆಮನೆಗೆ ನೀರು ಸುರಿಯುತ್ತಲೇ ಇರುತ್ತದೆ. ಊರಿಗೆ ಹೋಗುವಾಗ ಫಿಲ್ಟರ್‌ನ ವಾಲ್ವ್ ಮುಚ್ಚಿ ಹೋಗಿ ಎನ್ನುವುದೂ ಇದಕ್ಕೇ.

ಬೌಲ್‌ನ ಬಾಯಲ್ಲಿ ಕಪ್ಪು ರಬ್ಬರ್ ರಿಂಗ್ ಇರುತ್ತದೆ. ಅದನ್ನು ತೆಗೆದು, ಒರೆಸಿ, ಬೆರಳಲ್ಲಿ ಎಳೆದು ನೋಡಿ. ಗಟ್ಟಿಯಾಗಿದ್ದರೆ, ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ಚೆನ್ನಾಗಿದ್ದರೆ ಸ್ವಲ್ಪ ನೀರು ಸವರಿ ಅದರ ತೋಡಿನಲ್ಲೇ ಕೂರಿಸಿ. ಫುಡ್ ಗ್ರೇಡ್ ಸಿಲಿಕೋನ್ ಗ್ರೀಸ್ ಸಿಕ್ಕರೆ ಒಳ್ಳೆಯದು. ಮುಖಕ್ಕೆ ಹಚ್ಚುವ ಜೆಲ್ಲಿ, ಅಡುಗೆ ಎಣ್ಣೆ ಹಚ್ಚಬೇಡಿ, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬುತ್ತದೆ.

ಹೊಸ ಸ್ಪನ್ ಅನ್ನು ಕೈ ತೊಳೆದುಕೊಂಡು ಹಾಕಿ. ಬೌಲ್‌ನ ತಳದಲ್ಲಿ ಒಂದು ಗುಬುಟು ಇರುತ್ತದೆ, ಸ್ಪನ್‌ನ ತೂತು ಸರಿಯಾಗಿ ಅದರ ಮೇಲೆ ಕೂರಬೇಕು. ಮೇಲೆ ಮುಚ್ಚಳದಲ್ಲೂ ಅಂಥದ್ದೇ ಒಂದು ಇರುತ್ತದೆ. ಸ್ಪನ್ ಓರೆಯಾಗಿ ಕೂತರೆ ನೀರು ಅದರ ಒಳಗೆ ಹೋಗದೆ ಪಕ್ಕದಿಂದಲೇ ನುಸುಳಿ ಹೋಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಸ್ಪನ್ ಬೆಳ್ಳಗೇ ಕಾಣುತ್ತದೆ, ನಮ್ಮ ನೀರು ಎಷ್ಟು ಚೆನ್ನಾಗಿದೆ ಅಂತ ನಾವು ಅಂದುಕೊಂಡಿರುತ್ತೇವೆ. ಅಷ್ಟರಲ್ಲಿ ಮಣ್ಣೆಲ್ಲ ಒಳಗಿನ ಫಿಲ್ಟರ್‌ಗಳಿಗೆ ಹೋಗಿರುತ್ತದೆ. ಬೋರ್‌ವೆಲ್ ನೀರಿನ ಮನೆಯಲ್ಲಿ ಎರಡು ತಿಂಗಳಾದರೂ ಸ್ಪನ್ ಬಣ್ಣ ತಿರುಗದಿದ್ದರೆ ಖುಷಿಪಡಬೇಡಿ, ಬಿಚ್ಚಿ ನೋಡಿ.

ಬೌಲನ್ನು ಕೈಯಲ್ಲೇ ತಿರುಗಿಸಿ ಬಿಗಿ ಮಾಡಿ, ಕೊನೆಗೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಾಕು. ವಾಲ್ವ್ ಅನ್ನು ನಿಧಾನವಾಗಿ ಬಿಡಿ. ಒಂದು ಒಣ ಟಿಶ್ಯೂ ಪೇಪರನ್ನು ಬೌಲ್‌ನ ಬಾಯಿ ಸುತ್ತ ಸವರಿ ನೋಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಸವರಿ. ಪೇಪರ್ ಒಣಗಿದ್ದರೆ ಕೆಲಸ ಸರಿಯಾಗಿದೆ. ಇವತ್ತಿನ ತಾರೀಕನ್ನು ಮಾರ್ಕರ್‌ನಲ್ಲಿ ಬೌಲ್ ಮೇಲೇ ಬರೆದುಬಿಡಿ.

ಅಕ್ಕನ ಮನೆಯಲ್ಲಿ ಹೊಸ ಸ್ಪನ್ ಹಾಕಿ ಮತ್ತೆ ಲೋಟ ಹಿಡಿದಾಗ ನಿಮಿಷಕ್ಕೆ 165 ಮಿ.ಲೀ. ಬಂತು. ಟಿಡಿಎಸ್ ಕೂಡ 85ರಿಂದ 58ಕ್ಕೆ ಇಳಿಯಿತು. ಅದು ಯಾಕೆ ಅಂದರೆ, ಮೆಂಬ್ರೇನ್ ಕೆಲಸ ಮಾಡುವುದೇ ಒತ್ತಡದಿಂದ. ಒತ್ತಡ ಕಮ್ಮಿಯಾದಾಗ ಶುದ್ಧ ನೀರು ಕಮ್ಮಿ ದಾಟುತ್ತದೆ, ಉಪ್ಪು ಮಾತ್ರ ಮೊದಲಿನಷ್ಟೇ ದಾಟುತ್ತಿರುತ್ತದೆ. ಹಾಗಾಗಿ ಟಿಡಿಎಸ್ ಸ್ವಲ್ಪ ಏರಿದೆ ಎಂದು ಯಾರಾದರೂ ಹೇಳಿದ ತಕ್ಷಣ ಮೆಂಬ್ರೇನ್‌ಗೆ ದುಡ್ಡು ಕೊಡಬೇಡಿ. ಮೊದಲು ಸ್ಪನ್ ಬದಲಿಸಿ ಮತ್ತೆ ಅಳೆಯಿರಿ.

ಈಗ ಟ್ಯಾಂಕ್

ಶುದ್ಧ ನೀರಿನ ಟ್ಯಾಂಕ್ ಯಾಕೆ ಕೊಳೆಯಾಗುತ್ತದೆ ಎನ್ನುವುದು ನ್ಯಾಯವಾದ ಪ್ರಶ್ನೆ. ಬರುವ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದನ್ನು ಒಳಗಿನ ಕಾರ್ಬನ್ ಹೀರಿಕೊಳ್ಳುತ್ತದೆ, ಹೀರಿಕೊಳ್ಳಲೇಬೇಕು, ಇಲ್ಲದಿದ್ದರೆ ಮೆಂಬ್ರೇನ್ ಹಾಳು. ಅಂದರೆ ಟ್ಯಾಂಕ್‌ಗೆ ಬಂದ ನೀರಿಗೆ ಕಾವಲು ಯಾರೂ ಇಲ್ಲ. ಮುಚ್ಚಳದ ಸಂದಿಯಿಂದ, ನಲ್ಲಿಯ ಬಾಯಿಂದ ಒಂದಷ್ಟು ಸೂಕ್ಷ್ಮಜೀವಿಗಳು ಒಳಗೆ ಸೇರಿದರೆ ಗೋಡೆಗೆ ಅಂಟಿಕೊಂಡು ಬೆಳೆಯುತ್ತವೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕೈ ತೊಳೆದುಕೊಂಡು ಟ್ಯಾಂಕಿನ ಒಳಗೋಡೆಯ ಮೇಲೆ ಬೆರಳು ಎಳೆಯಿರಿ. ಚೆನ್ನಾಗಿರುವ ಟ್ಯಾಂಕ್ ತೊಳೆದ ತಟ್ಟೆಯ ಹಾಗೆ ಕಿರ್ ಅನ್ನುತ್ತದೆ. ಲೋಳೆ ಕಟ್ಟಿದ ಟ್ಯಾಂಕ್‌ನಲ್ಲಿ ಬೆರಳು ಜಾರುತ್ತದೆ, ಬೆಂಡೆಕಾಯಿ ಹೆಚ್ಚಿದ ಮೇಲೆ ಚಾಕು ಜಾರುವ ಹಾಗೆ. ಈ ಲೋಳೆಯನ್ನು ಟಿಡಿಎಸ್ ಮೀಟರ್ ತೋರಿಸುವುದಿಲ್ಲ. ಅದು ಕರಗಿದ ಉಪ್ಪನ್ನು ಮಾತ್ರ ಅಳೆಯುತ್ತದೆ, ರೋಗಾಣುಗಳ ಲೆಕ್ಕ ಅದಕ್ಕೆ ಗೊತ್ತಿಲ್ಲ.

ಪ್ಲಗ್ ಕಿತ್ತು, ವಾಲ್ವ್ ಮುಚ್ಚಿ, ನಲ್ಲಿ ಬಿಟ್ಟು ಟ್ಯಾಂಕ್ ಖಾಲಿ ಮಾಡಿ. ಮೇಲಿನ ಮುಚ್ಚಳ ತೆಗೆಯಿರಿ. ಏನೇನು ಎಲ್ಲೆಲ್ಲಿತ್ತು ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕೆಲವು ಮಾಡೆಲ್‌ಗಳಲ್ಲಿ ಟ್ಯಾಂಕ್ ಪೂರ್ತಿ ಕಳಚಿ ಬರುತ್ತದೆ, ಬಂದರೆ ಸಿಂಕ್‌ನಲ್ಲಿಟ್ಟು ಆರಾಮವಾಗಿ ತೊಳೆಯಬಹುದು. ಬಹಳಷ್ಟರಲ್ಲಿ ಬರುವುದಿಲ್ಲ, ಅಲ್ಲೇ ಕೈ ಹಾಕಿ ತೊಳೆಯಬೇಕು. ಟ್ಯಾಂಕಿನೊಳಗೆ ಯುವಿ ದೀಪ ಇರುವ ಮಾಡೆಲ್ ಆದರೆ ಪ್ಲಗ್ ಕಿತ್ತಿದೆಯಾ ಎಂದು ಇನ್ನೊಮ್ಮೆ ನೋಡಿ, ಆ ಬೆಳಕು ಕಣ್ಣಿಗೆ ಕೆಟ್ಟದ್ದು.

ನಲ್ಲಿಯಲ್ಲಿ ನೀರು ನಿಂತರೂ ಟ್ಯಾಂಕ್ ಖಾಲಿಯಾಗಿರುವುದಿಲ್ಲ. ನಲ್ಲಿಯ ತೂತು ತಳಕ್ಕಿಂತ ಸ್ವಲ್ಪ ಮೇಲಿರುತ್ತದೆ, ಅದರ ಕೆಳಗೆ ಅರ್ಧ ಇಂಚಿನಷ್ಟು ನೀರು ಯಾವಾಗಲೂ ಉಳಿಯುತ್ತದೆ. ದಿನಾ ಹೊಸ ನೀರು ಬಂದರೂ ಈ ತಳದ ನೀರು ಪೂರ್ತಿ ಬದಲಾಗುವುದಿಲ್ಲ, ಲೋಳೆ ಜಾಸ್ತಿ ಸಿಗುವುದೂ ಇಲ್ಲೇ. ಹೊಸ ಸ್ಪಂಜ್ ಅಥವಾ ಒಗೆದ ಹತ್ತಿ ಬಟ್ಟೆಯಲ್ಲಿ ಆ ನೀರನ್ನು ಅದ್ದಿ ಅದ್ದಿ ತೆಗೆಯಿರಿ. ಅಡುಗೆಮನೆ ಕಟ್ಟೆ ಒರೆಸುವ ಬಟ್ಟೆ ಇದಕ್ಕೆ ಬೇಡ.

ಆಮೇಲೆ ಗೋಡೆ, ಮೂಲೆ, ನಲ್ಲಿಯ ಒಳಬಾಯಿ, ಮುಚ್ಚಳದ ಒಳಮೈ ಎಲ್ಲವನ್ನೂ ಮೆತ್ತನೆಯ ಸ್ಪಂಜಿನಲ್ಲಿ ಉಜ್ಜಿ. ಈ ಉಜ್ಜುವ ಕೆಲಸ ಬಿಟ್ಟು ನೇರವಾಗಿ ಬ್ಲೀಚ್ ಹಾಕಿದರೆ ಲೋಳೆಯ ಮೇಲ್ಪದರ ಮಾತ್ರ ಸಾಯುತ್ತದೆ. ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ಇರುತ್ತದೆ, ಅದರ ಕಡ್ಡಿಗೆ ಲೋಳೆ ಹಿಡಿದರೆ ಅದು ಮೇಲೆ ಕೆಳಗೆ ಆಡದೆ ಸಿಕ್ಕಿಕೊಳ್ಳುತ್ತದೆ. ಟ್ಯಾಂಕ್ ತುಂಬಿದರೂ ನೀರು ನಿಲ್ಲದಿದ್ದರೆ, ಖಾಲಿಯಾದರೂ ಪಂಪ್ ಶುರುವಾಗದಿದ್ದರೆ ಮೊದಲು ಫ್ಲೋಟ್ ಒರೆಸಿ ನೋಡಿ.

ಬಿಳಿ ಕರೆ ಕಂಡರೆ ಅದು ಸುಣ್ಣದ ಅಂಶ. ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಕರಗಿಸಿ ಅದರಲ್ಲಿ ಒರೆಸಿ, ಅರ್ಧ ಗಂಟೆ ಬಿಟ್ಟು ಪೂರ್ತಿ ತೊಳೆದುಬಿಡಿ. ಪೂರ್ತಿ ತೊಳೆದ ಮೇಲಷ್ಟೇ ಬ್ಲೀಚ್. ಹುಳಿಯೂ ಬ್ಲೀಚೂ ಸೇರಿದರೆ ವಿಷದ ಗಾಳಿ ಬರುತ್ತದೆ, ಅಡುಗೆಮನೆಯಂಥ ಸಣ್ಣ ಜಾಗದಲ್ಲಿ ಅದು ತುಂಬಾ ಅಪಾಯ. ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ.

ಬ್ಲೀಚ್ ಎಂದರೆ ಲೇಬಲ್ ಮೇಲೆ ಸೋಡಿಯಂ ಹೈಪೋಕ್ಲೋರೈಟ್ ಎಂದು ಬರೆದಿರುವ, ವಾಸನೆ ಬೆರೆಸದ, ಸೋಪು ಬೆರೆಸದ ಲಿಕ್ವಿಡ್. ಟಾಯ್ಲೆಟ್ ತೊಳೆಯುವ ಆಸಿಡ್ ಅಲ್ಲ, ನೆಲ ಒರೆಸುವ ಲಿಕ್ವಿಡ್ ಅಲ್ಲ. ಶೇಕಡ 4ರಿಂದ 5ರಷ್ಟು ಇರುವ ಬ್ಲೀಚ್ ಆದರೆ 5 ಲೀಟರ್ ಶುದ್ಧ ನೀರಿಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ಸಾಕು. ಬಾಟಲಿ ತೆರೆದು ವರ್ಷವಾಗಿದ್ದರೆ ಅದರ ಶಕ್ತಿ ಇಳಿದಿರುತ್ತದೆ, ಹೊಸದು ತನ್ನಿ.

ಈ ನೀರನ್ನು ಟ್ಯಾಂಕ್‌ಗೆ ಹಾಕಿ, ಮೇಲಿನ ಅಂಚಿನವರೆಗೂ ತಾಗುವ ಹಾಗೆ ಬಟ್ಟೆಯಲ್ಲಿ ಸವರಿ. ನಲ್ಲಿಯಿಂದ ಒಂದು ಲೋಟದಷ್ಟು ಹೊರಗೆ ಬಿಡಿ, ನಲ್ಲಿಯ ಒಳಗೂ ಅದು ತಾಗಬೇಕು. ಆದರೆ ಟ್ಯಾಂಕಿಗೂ ನಲ್ಲಿಗೂ ನಡುವೆ ಯಾವುದಾದರೂ ಫಿಲ್ಟರ್ ಇರುವ ಮಾಡೆಲ್ ಆದರೆ ನಲ್ಲಿಯಿಂದ ಬಿಡಬೇಡಿ, ಮೇಲಿನಿಂದಲೇ ತೆಗೆಯಿರಿ. ಅರ್ಧ ಗಂಟೆ ಹಾಗೇ ಬಿಡಿ. ಅಷ್ಟೂ ಹೊತ್ತು ಪ್ಲಗ್ ಕಿತ್ತೇ ಇರಬೇಕು. ಬ್ಲೀಚ್ ನೀರನ್ನು ಸ್ಪನ್ ಬೌಲ್‌ಗೆ ಮಾತ್ರ ಯಾವತ್ತೂ ಹಾಕಬೇಡಿ, ಅಲ್ಲಿಂದ ಅದು ಮೆಂಬ್ರೇನ್‌ಗೆ ಹೋದರೆ ಮೆಂಬ್ರೇನ್ ಹಾಳಾಗುತ್ತದೆ.

ಅರ್ಧ ಗಂಟೆ ಆದ ಮೇಲೆ ಖಾಲಿ ಮಾಡಿ, ತಳದ ನೀರನ್ನು ಮತ್ತೆ ಬಟ್ಟೆಯಲ್ಲಿ ತೆಗೆದು, ಹಿಡಿದಿಟ್ಟ ಶುದ್ಧ ನೀರಿನಲ್ಲಿ ಎರಡು ಸಲ ಗಲಬರಿಸಿ. ಸಂಪಿನ ನೀರಿನಲ್ಲಿ ಗಲಬರಿಸಿದರೆ ಇಷ್ಟೂ ಕೆಲಸ ದಂಡ. ಆಮೇಲೆ ಫಿಲ್ಟರ್ ಆನ್ ಮಾಡಿ, ಮೊದಲ ಟ್ಯಾಂಕ್ ನೀರನ್ನು ಚೆಲ್ಲಿ. ಗಿಡಕ್ಕೂ ಬೇಡ, ನೆಲ ಒರೆಸಲು ಬಳಸಿ. ಎರಡನೇ ಟ್ಯಾಂಕ್‌ನಲ್ಲೂ ವಾಸನೆ ಇದ್ದರೆ ಅದನ್ನೂ ಚೆಲ್ಲಿ.

ಸ್ಟೀಲ್ ಅಥವಾ ತಾಮ್ರದ ಟ್ಯಾಂಕ್ ಆದರೆ ಬ್ಲೀಚ್ ಬೇಡ, ಲೋಹವನ್ನು ತಿನ್ನುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಮೆತ್ತಗೆ ಉಜ್ಜಿ, ಚೆನ್ನಾಗಿ ಗಲಬರಿಸಿದರೆ ಸಾಕು.

ಮೂರು ತಿಂಗಳಿಗೊಮ್ಮೆ, ಸ್ಪನ್ ಬದಲಿಸುವ ದಿನವೇ ಟ್ಯಾಂಕನ್ನೂ ತೊಳೆದರೆ ಮರೆತುಹೋಗುವುದಿಲ್ಲ. ವಾರಗಟ್ಟಲೆ ಊರಿಗೆ ಹೋಗಿ ಬಂದಾಗ ನಿಂತ ನೀರನ್ನು ಚೆಲ್ಲಿ, ಬೆರಳು ಎಳೆದು ನೋಡಿ.

ಯಾವುದನ್ನು ಬದಲಿಸಲೇಬೇಕು

ಸ್ಪನ್ ವಿಷಯ ಆಯಿತು. ಕಾವೇರಿ ನೀರು ಬರುವ ಮನೆಯಲ್ಲಿ ಮೂರು ತಿಂಗಳು, ನೀರು ತೀರ ತಿಳಿಯಾಗಿದ್ದರೆ ಇನ್ನೂ ಸ್ವಲ್ಪ ದಿನ. ಟ್ಯಾಂಕರ್ ನೀರಿಗೆ ತಿಂಗಳಿಗೊಮ್ಮೆ ಬೇಕಾದರೂ ಬೇಕಾಗಬಹುದು. ತಿಂಗಳ ಲೆಕ್ಕಕ್ಕಿಂತ ಲೋಟದ ಅಳತೆ ನಂಬಿ. ನಿಮಿಷಕ್ಕೆ ಬರುವ ನೀರು ಹೊಸ ಸ್ಪನ್ ಹಾಕಿದ ದಿನದ ಮುಕ್ಕಾಲಿಗೆ ಇಳಿದರೆ ಬದಲಿಸಿ.

ಫಿಲ್ಟರ್‌ನ ಒಳಗೆ, ಬಿಳಿ ಕೊಳವೆಯ ಹಾಗಿರುವ ಇನ್ನೊಂದು ಸೆಡಿಮೆಂಟ್ ಫಿಲ್ಟರ್ ಇರುತ್ತದೆ. ಅದು ಸೀಲ್ ಆಗಿರುವುದರಿಂದ ತೊಳೆಯುವ ಮಾತೇ ಇಲ್ಲ. ಉಲ್ಟಾ ಜೋಡಿಸಿ ನೀರು ಬಿಟ್ಟು ತೊಳೆಯುವುದನ್ನು ನೋಡಿದ್ದೇನೆ, ಅದರಿಂದ ಕೆಸರು ಸಡಿಲವಾಗಿ ಮುಂದಿನ ಫಿಲ್ಟರ್‌ಗೆ ಹೋಗುತ್ತದೆ.

ಕಾರ್ಬನ್ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು, ಯಾಕೆಂದರೆ ಅದು ಮುಗಿದದ್ದು ನೋಟಕ್ಕೆ ಗೊತ್ತಾಗುವುದಿಲ್ಲ. ನೀರು ಮೊದಲಿನಷ್ಟೇ ಬರುತ್ತಿರುತ್ತದೆ, ಆದರೆ ಕಾರ್ಬನ್ನಿನ ಒಳಗಿನ ಸಣ್ಣ ಸಣ್ಣ ರಂಧ್ರಗಳು ತುಂಬಿಹೋಗಿರುತ್ತವೆ. ತೊಳೆದರೂ ಬಿಸಿಲಿಗಿಟ್ಟರೂ ಅವು ಖಾಲಿಯಾಗುವುದಿಲ್ಲ. ಆಗ ಕಾರ್ಪೊರೇಷನ್ ನೀರಿನ ಕ್ಲೋರಿನ್ ನೇರವಾಗಿ ಮೆಂಬ್ರೇನ್‌ಗೆ ಹೋಗುತ್ತದೆ. ಆರು ತಿಂಗಳಿಂದ ವರ್ಷದೊಳಗೆ ಬದಲಿಸಿಬಿಡಿ. ಇಲ್ಲಿ ಕೆಲವು ನೂರು ಉಳಿಸಲು ಹೋಗಿ ಸಾವಿರದ ಮೇಲಿನ ಮೆಂಬ್ರೇನ್ ಕಳೆದುಕೊಂಡವರು ಬಹಳ. ಹೊಸ ಕಾರ್ಬನ್ ಹಾಕಿದಾಗ ಮೊದಲು ಕಪ್ಪು ಪುಡಿ ಬರುತ್ತದೆ, ಮುಂದಿನ ಪೈಪ್ ಜೋಡಿಸುವ ಮುಂಚೆ ಒಂದಷ್ಟು ನೀರನ್ನು ಬಕೆಟ್‌ಗೆ ಬಿಟ್ಟುಬಿಡಿ. ಕೊಳವೆಯ ಮೇಲೆ ನೀರು ಹೋಗುವ ದಿಕ್ಕಿನ ಬಾಣದ ಗುರುತು ಇರುತ್ತದೆ, ಅದನ್ನೂ ನೋಡಿ.

ಮೆಂಬ್ರೇನ್ ಸಾಮಾನ್ಯವಾಗಿ ಎರಡು ಮೂರು ವರ್ಷ ಬರುತ್ತದೆ. ಸ್ಪನ್, ಕಾರ್ಬನ್ ಎರಡೂ ಹೊಸದಿದ್ದು, ಪಂಪ್ ಸರಿಯಾಗಿದ್ದೂ ನೀರು ಕಮ್ಮಿ ಬರುತ್ತಿದ್ದರೆ, ಅಥವಾ ತಡೆಯುವ ಪ್ರಮಾಣ ಶೇಕಡ 80ಕ್ಕಿಂತ ಕೆಳಗೆ ಇಳಿದರೆ ಬದಲಿಸಿ. 780 ಬರುವ ಅಕ್ಕನ ಮನೆಯಲ್ಲಿ ಆ ಗಡಿ 156. ಮೆಂಬ್ರೇನ್ ಬದಲಿಸುವಾಗ ವೇಸ್ಟ್ ನೀರಿನ ಪೈಪಿನಲ್ಲಿ ಹರಿವನ್ನು ಮಿತಿಯಲ್ಲಿಡುವ ಸಣ್ಣ ಫ್ಲೋ ರೆಸ್ಟ್ರಿಕ್ಟರ್ ಕೂಡ ಬದಲಿಸಲು ಹೇಳಿ. ಗಡಸು ನೀರಿನಲ್ಲಿ ಅದು ಸುಣ್ಣ ಕಟ್ಟಿಕೊಂಡರೆ ವೇಸ್ಟ್ ನೀರು ಹೋಗುವುದು ನಿಂತು, ಹೊಸ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ. ವೇಸ್ಟ್ ನೀರು ತೀರ ಕಮ್ಮಿ ಆಯಿತು, ಒಳ್ಳೆಯದೇ ಆಯಿತು ಅಂದುಕೊಳ್ಳಬೇಡಿ.

ಯುವಿ ದೀಪ ನೀಲಿಯಾಗಿ ಉರಿಯುತ್ತಿದೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದಲ್ಲ. ರೋಗಾಣು ಕೊಲ್ಲುವ ಕಿರಣ ಕಣ್ಣಿಗೆ ಕಾಣುವುದಿಲ್ಲ, ಸುಮಾರು 8000 ಗಂಟೆ ಉರಿದ ಮೇಲೆ ಅದರ ಶಕ್ತಿ ಇಳಿದಿರುತ್ತದೆ, ನೀಲಿ ಬೆಳಕು ಮಾತ್ರ ಉಳಿದಿರುತ್ತದೆ. ದೀಪವನ್ನು ಬದಲಿಸಬೇಕು. ಅದರ ಸುತ್ತ ಇರುವ ಗಾಜಿನ ಕೊಳವೆಯನ್ನು ಒರೆಸಿ ಬಳಸಬಹುದು.

ಟ್ಯಾಂಕ್ ತೊಳೆಯುವ ವಸ್ತು ಎಂದೆನಲ್ಲ, ಅದಕ್ಕೂ ಒಂದು ಮಿತಿ ಇದೆ. ಒಳಗೋಡೆ ಗೀರು ಗೀರಾಗಿದ್ದು, ತೊಳೆದ ಹತ್ತೇ ದಿನಕ್ಕೆ ಬೆರಳು ಮತ್ತೆ ಜಾರುತ್ತಿದ್ದರೆ ಆ ಟ್ಯಾಂಕ್ ಬದಲಿಸಿ. ನಲ್ಲಿ ತೊಟ್ಟಿಕ್ಕುತ್ತಿದ್ದರೆ ನಲ್ಲಿಯನ್ನೇ ಹೊಸದು ಹಾಕಿ, ಅದೇನೂ ದುಬಾರಿಯಲ್ಲ.

ಹೊರಗಿನ ಬೌಲ್ ಮತ್ತು ಟ್ಯಾಂಕ್ ಕೆಲಸ ಯಾರು ಬೇಕಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು. ಒಳಗಿನ ಕಾರ್ಬನ್, ಮೆಂಬ್ರೇನ್ ಮಾತ್ರ, ಫಿಲ್ಟರ್ ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯವರಿಂದಲೇ ಹಾಕಿಸಿ. ಅವರು ಬಂದಾಗ ಲೋಟ ಹಿಡಿದು ಅಳೆದ ಲೆಕ್ಕವನ್ನು ಮೊದಲೇ ಹೇಳಿ, ಬಿಚ್ಚಿದ ಹಳೆಯ ಭಾಗಗಳನ್ನು ಅಲ್ಲೇ ಬಿಟ್ಟು ಹೋಗಲು ಹೇಳಿ. ಅಕ್ಕ ಈಗ ಸ್ಪನ್ ಬದಲಿಸಿದ ತಾರೀಕಿನ ಪಕ್ಕದಲ್ಲೇ ಆ ದಿನದ ಮಿ.ಲೀ. ಲೆಕ್ಕವನ್ನೂ ಬೌಲ್ ಮೇಲೆ ಬರೆದಿಡುತ್ತಾಳೆ. ಹೋದ ಸಲ ನಾನು ಹೋದಾಗ ಅದು 160 ಇತ್ತು, ಅದೇ ಮೆಂಬ್ರೇನ್‌ನಲ್ಲಿ.